ಡಿಗ್ರಿ ಸರ್ಟಿಫಿಕೇಟ್ ಇನ್ನೂ ಬಂದಿಲ್ಲವೇ? ವೆರಿಫಿಕೇಶನ್‌ಗೆ ಮುನ್ನವೇ ಎಚ್‌ಆರ್‌ಗೆ ಹೀಗೆ ತಿಳಿಸಿ

ಪುಣೆಯಲ್ಲೋ ಹೈದರಾಬಾದ್‌ನಲ್ಲೋ ಕೆಲಸ ಸಿಕ್ಕಿದೆ. ಆಫರ್ ಲೆಟರ್ ಬೆನ್ನಲ್ಲೇ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಫಾರ್ಮ್‌ನ ಲಿಂಕ್ ಕೂಡ ಬಂದಿದೆ. ಊರಿನ ವಿಶ್ವವಿದ್ಯಾಲಯದಿಂದ ಡಿಗ್ರಿ ಸರ್ಟಿಫಿಕೇಟ್ ಮಾತ್ರ ಬಂದಿಲ್ಲ. ಏನು ಮಾಡಬೇಕು?

ಮೊದಲು ನಿಮ್ಮದು ಯಾವ ಬಗೆಯ ಬಾಕಿ ಎಂದು ನೋಡಿಕೊಳ್ಳಿ. ಎಲ್ಲ ವಿಷಯ ಪಾಸಾಗಿ, ಘಟಿಕೋತ್ಸವ ನಡೆಯದ ಕಾರಣ ಸರ್ಟಿಫಿಕೇಟ್ ಸಿಕ್ಕಿಲ್ಲ ಎಂದರೆ ಅದು ಬರೀ ಕಾಗದದ ಬಾಕಿ. ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಪ್ರೊವಿಷನಲ್ ಸರ್ಟಿಫಿಕೇಟ್ ಇದ್ದರೆ ಸಾಮಾನ್ಯವಾಗಿ ಕಂಪನಿಗಳು ಒಪ್ಪುತ್ತವೆ. ಆದರೆ ಒಂದೇ ಒಂದು ವಿಷಯ ಉಳಿದಿದ್ದರೂ ಪದವಿ ಮುಗಿದಿಲ್ಲ ಎಂದೇ ಲೆಕ್ಕ. ಮರುಮೌಲ್ಯಮಾಪನಕ್ಕೆ ಹಾಕಿ ಫಲಿತಾಂಶಕ್ಕೆ ಕಾಯುತ್ತಿರುವವರೂ ಇದೇ ಸಾಲಿನಲ್ಲಿದ್ದಾರೆ.

ಹೆಚ್ಚಿನವರು ಎಡವುವುದು ಪಾಸಾದ ವರ್ಷವನ್ನು ಬರೆಯುವಾಗ. ಉದಾಹರಣೆಗೆ, 2020ರಲ್ಲಿ ಬಿಇ ಸೇರಿದ ಹುಡುಗನೊಬ್ಬ 2024ರಲ್ಲಿ ಕೊನೆಯ ಸೆಮಿಸ್ಟರ್ ಮುಗಿಸಿದ ಎಂದುಕೊಳ್ಳಿ. ಆರನೇ ಸೆಮಿಸ್ಟರ್‌ನ ಒಂದು ವಿಷಯ ಬಾಕಿ ಉಳಿದು, 2025ರ ಜನವರಿಯ ಪರೀಕ್ಷೆಯಲ್ಲಿ ಪಾಸಾಯಿತು. ಸ್ನೇಹಿತರೆಲ್ಲ ಬರೆದಂತೆ ಅವನೂ ರೆಸ್ಯೂಮೆಯಲ್ಲಿ 'ಬಿಇ, 2024' ಎಂದೇ ಬರೆದ. ಬ್ಯಾಚ್ 2024ರದ್ದೇ, ಆದರೆ ಪಾಸಾದ ವರ್ಷ 2025. ವೆರಿಫಿಕೇಶನ್ ಸಂಸ್ಥೆ ರಿಜಿಸ್ಟರ್ ನಂಬರ್ ಕೊಟ್ಟು ವಿಶ್ವವಿದ್ಯಾಲಯವನ್ನು ಕೇಳಿದಾಗ ಬರುವ ಉತ್ತರವೂ 2025. ಆಗ ವರದಿಯಲ್ಲಿ 'ಡಿಸ್ಕ್ರೆಪೆನ್ಸಿ' ಎಂದು ದಾಖಲಾಗುತ್ತದೆ. ಅವನು ಮೋಸ ಮಾಡಿರದಿದ್ದರೂ, ವರದಿ ಓದುವವರ ಕಣ್ಣಿಗೆ ಅದು ಸುಳ್ಳು ಮಾಹಿತಿಯಂತೆಯೇ ಕಾಣುತ್ತದೆ.

ಹಾಗಾಗಿ ಫಾರ್ಮ್ ಸಬ್‌ಮಿಟ್ ಮಾಡುವ ಮೊದಲೇ ಎಚ್‌ಆರ್‌ಗೆ ಒಂದು ಮೇಲ್ ಕಳುಹಿಸಿ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಮೇಲೆ ಹೇಳಿದ ಹುಡುಗ ಬರೆಯಬೇಕಾದದ್ದು ಇಷ್ಟೇ: "ನನ್ನ ಕೋರ್ಸ್ ಅವಧಿ 2020–24. ಒಂದು ವಿಷಯವನ್ನು 2025ರ ಜನವರಿಯಲ್ಲಿ ಪಾಸು ಮಾಡಿದ್ದರಿಂದ ಪಾಸಾದ ವರ್ಷ 2025. ರೆಸ್ಯೂಮೆಯಲ್ಲಿ 2024 ಎಂದಿರುವುದು ತಪ್ಪು, ತಿದ್ದಿದ ಪ್ರತಿ ಲಗತ್ತಿಸಿದ್ದೇನೆ. ಘಟಿಕೋತ್ಸವ ಆಗಿಲ್ಲ, ಪ್ರೊವಿಷನಲ್ ಸರ್ಟಿಫಿಕೇಟ್ ಇದೆ." ಮನೆಯ ಕಷ್ಟ, ಕಾಲೇಜಿನ ತಪ್ಪು ಇವೆಲ್ಲ ಬೇಡ. ಸರ್ಟಿಫಿಕೇಟ್‌ಗೆ ಶುಲ್ಕ ಕಟ್ಟಿದ್ದರೆ ರಸೀದಿಯನ್ನೂ ಸೇರಿಸಿ. ಡಿಜಿಲಾಕರ್‌ನಲ್ಲೂ ಒಮ್ಮೆ ಹುಡುಕಿ, ಕೆಲವು ವಿಶ್ವವಿದ್ಯಾಲಯಗಳ ಅಂಕಪಟ್ಟಿ ಅಲ್ಲೇ ಸಿಗುತ್ತದೆ.

ವಿಷಯ ಇನ್ನೂ ಬಾಕಿ ಇರುವವರು ಯಾವ ವಿಷಯ, ಮುಂದಿನ ಪರೀಕ್ಷೆ ಯಾವಾಗ ಎಂಬುದನ್ನು ಬರೆದು, ಸೇರುವ ದಿನಾಂಕ ಮುಂದೂಡಲು ಸಾಧ್ಯವೇ ಎಂದು ಕೇಳಬಹುದು. ಫಾರ್ಮ್‌ನಲ್ಲಿ 'ಪೂರ್ಣಗೊಂಡಿದೆ' ಎಂಬ ಆಯ್ಕೆ ಬಿಟ್ಟು ಬೇರೇನೂ ಇಲ್ಲದಿದ್ದರೆ ಅದನ್ನು ಒತ್ತಬೇಡಿ. ಏನು ತುಂಬಬೇಕೆಂದು ಎಚ್‌ಆರ್‌ಗೇ ಕೇಳಿ.

ಹೇಳಿದ ಮಾತ್ರಕ್ಕೆ ಕೆಲಸ ಉಳಿಯುತ್ತದೆ ಎಂಬ ಖಾತರಿಯಿಲ್ಲ. ಬಾಕಿ ವಿಷಯ ಇರಬಾರದು ಎಂದು ಆಫರ್ ಲೆಟರ್‌ನಲ್ಲೇ ಷರತ್ತು ಇದ್ದರೆ ಕಂಪನಿ ಆಫರ್ ಹಿಂಪಡೆಯಬಹುದು. ಈಗಾಗಲೇ ಒಂದು ಕೆಲಸದಲ್ಲಿರುವವರು ಎಚ್‌ಆರ್‌ನ ಉತ್ತರ ಮೇಲ್‌ನಲ್ಲಿ ಬರುವವರೆಗೆ ಅಲ್ಲಿ ರಾಜೀನಾಮೆ ಕೊಡದಿರುವುದು ಒಳ್ಳೆಯದು.