ಹತ್ತು ಮಾತು, ಒಂದು ತೀರ್ಪು

ಮಧುಗಿರಿ ತಾಲ್ಲೂಕಿನ ಮಿಡಿಗೇಶಿಯ ರೈತನೊಬ್ಬನು ತನ್ನ ಕೊಳವೆ ಬಾವಿಗೆ ಇಳಿಸಲು ಮೋಟಾರು ಪಂಪೊಂದನ್ನು ಕೊಳ್ಳಬೇಕೆಂದಿದ್ದಾನೆ ಎಂದು ಭಾವಿಸೋಣ. ಅದೇ ಪಂಪನ್ನು ಬಳಸಿದ 10 ಮಂದಿಯ ಅಭಿಪ್ರಾಯಗಳು ಅವನ ಮುಂದಿವೆ. ಏಳು ಮಂದಿ ಐದಕ್ಕೆ ಐದು ಅಂಕ ಕೊಟ್ಟಿದ್ದಾರೆ. ಉಳಿದ ಮೂವರು ಒಂದೊಂದೇ ಅಂಕ. ಸರಾಸರಿ 3.8. ಆದರೆ 3.8ರ ಹತ್ತಿರದ ಅಂಕವನ್ನು ಕೊಟ್ಟವನು ಅವರಲ್ಲಿ ಒಬ್ಬನೂ ಇಲ್ಲ!

ಅಂಕಗಳ ಬದಲು ಮಾತುಗಳನ್ನೇ ಸರಾಸರಿ ಮಾಡಿದರೆ ಹೇಗೆ? ಗಣಕಯಂತ್ರವು ಪ್ರತಿಯೊಂದು ಅಭಿಪ್ರಾಯವನ್ನೂ ಒಂದು ಸದಿಶವಾಗಿ ಮಾರ್ಪಡಿಸಬಲ್ಲುದು. ಬೇರೆ ಬೇರೆ ದಿಕ್ಕಿನ ಬಲಗಳನ್ನು ಕೂಡಿದಾಗ ಅವು ಪರಸ್ಪರ ಕುಗ್ಗುವುದನ್ನು ವಿದ್ಯಾರ್ಥಿಗಳು ಬಲ್ಲರು. ಇಲ್ಲಿಯೂ ಹಾಗೆಯೇ. ಸರಾಸರಿ ಸದಿಶದ ಉದ್ದವು ಕುಗ್ಗುತ್ತದೆಂದೂ, ಅದರಿಂದ ಹೊರಡುವ ಬರೆಹವು ಯಾವ ವಸ್ತುವಿಗಾದರೂ ಒಪ್ಪುವಂಥ ಸಪ್ಪೆ ಮಾತಾಗುತ್ತದೆಂದೂ ಹಯಾಟೆ ಇಸೊ ಮತ್ತು ಸಂಗಡಿಗರು 2021ರಲ್ಲಿ ತೋರಿಸಿದರು. ‘ಪಂಪು ಒಳ್ಳೆಯದು’ ಎಂಬ ಮಾತಿನಿಂದ ನಮ್ಮ ರೈತನಿಗೆ ಏನು ಫಲ?

ಇದಕ್ಕಿಂತ ಹಳೆಯದಾದ ಒಂದು ದಾರಿ ನಮಗೆ ಹೆಚ್ಚು ಮೆಚ್ಚುಗೆಯಾಗಿದೆ. ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದ ಮಿನ್‌ಚಿಂಗ್ ಹೂ ಮತ್ತು ಬಿಂಗ್ ಲ್ಯೂ ಎಂಬವರು 2004ರಲ್ಲಿ ಕ್ಯಾಮೆರಾ ಮೊದಲಾದ ವಸ್ತುಗಳ ಬಗೆಗಿನ ಅಭಿಪ್ರಾಯಗಳನ್ನು ಅಂಶ ಅಂಶವಾಗಿ ಬಿಡಿಸಿ, ಒಂದೊಂದು ಅಂಶಕ್ಕೂ ಮೆಚ್ಚುಗೆ ಎಷ್ಟು, ದೂರು ಎಷ್ಟು ಎಂದು ಬೇರೆ ಬೇರೆಯಾಗಿ ಎಣಿಸಿದರು.

ನಮ್ಮ ಪಂಪಿಗೆ ಇದನ್ನೇ ಅನ್ವಯಿಸೋಣ. ‘ನೀರು ಚೆನ್ನಾಗಿ ಬಂತು, ಆದರೆ ಮೋಟಾರು ಸುಟ್ಟಿತು’ ಎಂದು ಒಬ್ಬನು ಬರೆದಿದ್ದಾನೆ. ಇದನ್ನು ಎರಡಾಗಿ ಸೀಳಬೇಕು. ಮೊದಲ ತುಂಡು ಮೆಚ್ಚುಗೆ, ಎರಡನೆಯದು ದೂರು. ‘ಧಾರೆ ಜೋರು’ ಎಂದವನೂ ನೀರಿನ ಮಾತನ್ನೇ ಆಡಿದ್ದಾನೆ. ‘ಮೋಟಾರು ಸುಡಲೇ ಇಲ್ಲ’ ಎಂಬಲ್ಲಿ ‘ಸುಡು’ ಎಂಬ ಪದವನ್ನು ಮಾತ್ರ ಹಿಡಿದರೆ ಹೊಗಳಿಕೆಯು ದೂರಾಗಿಬಿಡುತ್ತದೆ. ಹೀಗೆ ಎಣಿಸಿದಾಗ ನೀರನ್ನು ಮೆಚ್ಚಿದವರು 8 ಮಂದಿ. ಮೋಟಾರು ಸುಟ್ಟಿತೆಂದವರು ಮೂವರು, ಸುಡಲಿಲ್ಲವೆಂದವರು ಇಬ್ಬರು. ಮಿಕ್ಕ ಐವರು ಆ ಮಾತನ್ನೇ ಎತ್ತಿಲ್ಲ.

ಇಲ್ಲಿ ಛೇದವು ಯಾವುದು? ಹತ್ತರಲ್ಲಿ ಮೂರೆಂದರೆ ಮೌನವನ್ನು ಒಪ್ಪಿಗೆಯೆಂದು ಬಗೆದಂತಾಯಿತು. ಐದರಲ್ಲಿ ಮೂರೆಂದರೆ ದೂರು ಹಿಗ್ಗಬಹುದು, ಏಕೆಂದರೆ ಕೆಟ್ಟದ್ದನ್ನು ಕಂಡವನು ತಪ್ಪದೆ ಬರೆಯುತ್ತಾನೆ. ಆದುದರಿಂದ ಎರಡನ್ನೂ ಹೇಳುವುದೇ ಲೇಸು. ಮೂವರೂ ವೋಲ್ಟೇಜು ಇಳಿದಾಗ ಸುಟ್ಟಿತೆಂದಿದ್ದರೆ ಆ ಸಂದರ್ಭವನ್ನೂ ಬಿಡಬಾರದು. ಆಗ ತೀರ್ಪು ಹೀಗಾಗುತ್ತದೆ: ‘ನೀರು ಚೆನ್ನಾಗಿ ಎತ್ತುತ್ತದೆಂದು ಹತ್ತರಲ್ಲಿ ಎಂಟು ಮಂದಿ ಹೇಳುತ್ತಾರೆ. ಮೋಟಾರಿನ ವಿಷಯವೆತ್ತಿದ ಐವರಲ್ಲಿ ಮೂವರದು ವೋಲ್ಟೇಜು ಇಳಿದಾಗ ಸುಟ್ಟಿದೆ. ಉಳಿದ ಐವರು ಆ ಬಗ್ಗೆ ಏನನ್ನೂ ಹೇಳಿಲ್ಲ.’

ಈ ತೀರ್ಪನ್ನು ಪರೀಕ್ಷಿಸುವುದು ಸುಲಭ. ಅದರ ಒಂದೊಂದು ಮಾತಿಗೂ ಮೂಲ ಅಭಿಪ್ರಾಯವನ್ನು ಬೆರಳಿಟ್ಟು ತೋರಿಸಬೇಕು. ತೋರಿಸಲಾಗದ ಮಾತನ್ನು ಹೊಡೆದುಹಾಕಬೇಕು. ಆದರೆ ಒಬ್ಬನೇ ಮೂರು ಹೆಸರುಗಳಲ್ಲಿ ಬರೆದಿದ್ದರೆ ಈ ಪರೀಕ್ಷೆಯಿಂದ ಅದು ತಿಳಿಯದು.