ತೋಳಿನ ಕೂಗು, ಬೆರಳಿನ ಸಾಕ್ಷಿ

ಕಳೆದ ಶ್ರಾವಣದಲ್ಲಿ ಇಳಕಲ್ಲಿನ ತಾಯಿಯೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದು, ಮಗಳು ಕಳುಹಿಸಿದ ಸಂದೇಶವನ್ನು ತೋರಿಸಿದರು. ಅವರಿಗೆ ಅರವತ್ತೆಂಟು ವರ್ಷ. ಮಧುಮೇಹ ಬಂದು ಹದಿನಾಲ್ಕು ವರ್ಷಗಳಾಗಿವೆ. ಬಾಗಲಕೋಟೆಯ ವೈದ್ಯರು ಬರೆದುಕೊಟ್ಟ ಗ್ಲಿಮೆಪಿರೈಡ್ ಗುಳಿಗೆಯನ್ನು ದಿನವೂ ತೆಗೆದುಕೊಳ್ಳುತ್ತಾರೆ. ಸಂಧಿನೋವಿಗೆ ಮಾತ್ರ ನನ್ನಲ್ಲಿಗೆ ಬರುತ್ತಾರೆ. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಒತ್ತಾಯದ ಮೇರೆಗೆ ಎಡತೋಳಿನ ಹಿಂಭಾಗಕ್ಕೆ ಸಕ್ಕರೆಯ ಸೆನ್ಸರ್ ಹಾಕಿಸಿಕೊಂಡಿದ್ದರು. ಅವರ ಒಪ್ಪಿಗೆ ಪಡೆದು ಆ ಪ್ರಸಂಗವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಈ ಸೆನ್ಸರ್ ದೊಡ್ಡ ಗುಂಡಿಯಷ್ಟು ಅಗಲದ ಬಿಲ್ಲೆ. ಅದರ ಕೆಳಗೆ ಕೂದಲಿನಂತಹ ಮೃದುವಾದ ಎಳೆಯೊಂದು ಚರ್ಮದೊಳಗೆ ಸುಮಾರು ಅರ್ಧ ಸೆಂಟಿಮೀಟರಿನಷ್ಟು ಇಳಿದಿರುತ್ತದೆ. ಈ ತಾಯಿಗೆ ಹಾಕಿದ ಬಗೆಯದು ಹದಿನಾಲ್ಕು ದಿನ ಬಾಳುತ್ತದೆ. ಅದು ಅಳೆಯುವುದು ರಕ್ತದಲ್ಲಿರುವ ಸಕ್ಕರೆಯನ್ನಲ್ಲ, ಚರ್ಮದಡಿಯ ಜೀವಕೋಶಗಳ ನಡುವೆ ಇರುವ ದ್ರವದ ಸಕ್ಕರೆಯನ್ನು ಎಂಬುದನ್ನು ಓದುಗರು ಮೊದಲು ಗಮನಿಸಬೇಕು. ಕಾಲುವೆಯ ನೀರು ಹೊಲದ ಸಾಲಿಗೆ ಹರಿದು ಬರಲು ಹೇಗೆ ಕೆಲವು ಹೊತ್ತು ಬೇಕೋ, ಹಾಗೆಯೇ ರಕ್ತದಲ್ಲಾದ ಏರಿಳಿತ ಆ ದ್ರವಕ್ಕೆ ತಲುಪಲು ಐದರಿಂದ ಹದಿನೈದು ನಿಮಿಷ ಬೇಕು. ಸಕ್ಕರೆ ಸ್ಥಿರವಾಗಿರುವಾಗ ಈ ವಿಳಂಬದಿಂದ ತೊಂದರೆಯಿಲ್ಲ. ಅದು ವೇಗವಾಗಿ ಇಳಿಯುವಾಗ ಅಥವಾ ಏರುವಾಗ ಮಾತ್ರ ತೋಳು ಒಂದು ಹೇಳುತ್ತದೆ, ಬೆರಳಿನ ರಕ್ತ ಇನ್ನೊಂದು ಹೇಳುತ್ತದೆ.

ಸೆನ್ಸರ್ ಹಾಕಿದ ಮೊದಲ ರಾತ್ರಿ 2.40ಕ್ಕೆ ತಾಯಿಯ ಮೊಬೈಲ್ ಕೂಗಿತು. ಸಕ್ಕರೆ 58 ಎಂದು ತೋರಿಸುತ್ತಿತ್ತು. 70ಕ್ಕಿಂತ ಕೆಳಗಿಳಿದರೆ ಎಚ್ಚರಿಸುವಂತೆ ಅದನ್ನು ಹೊಂದಿಸಲಾಗಿತ್ತು. ಅದೇ ಸೂಚನೆ ಮಗಳ ಮೊಬೈಲಿಗೂ ಹೋಯಿತು. ಅಲ್ಲಿ ಆಗ ಸಂಜೆ 5.10. ಅವಳು ಕೂಡಲೇ ಕರೆ ಮಾಡಿ ತಾಯಿಯನ್ನು ಎಬ್ಬಿಸಿ ಕೂಡಿಸಿದಳು. ಬೆವರಿಲ್ಲ, ನಡುಕವಿಲ್ಲ. ಬೆರಳು ಚುಚ್ಚಿ ನೋಡಿದಾಗ 121. ಇಪ್ಪತ್ತು ನಿಮಿಷಗಳಲ್ಲಿ ತೋಳಿನ ಸೆನ್ಸರ್ ಕೂಡ ತಾನಾಗಿಯೇ 112ಕ್ಕೆ ಏರಿತು. ಕಾರಣ ಸರಳ. ತಾಯಿ ಎಡಮಗ್ಗುಲಾಗಿ, ಸೆನ್ಸರಿನ ಮೇಲೆಯೇ ಭಾರ ಹಾಕಿ ಮಲಗಿದ್ದರು. ಒತ್ತಡದಿಂದ ಆ ಭಾಗಕ್ಕೆ ರಕ್ತಸಂಚಾರ ಕುಗ್ಗಿ, ದ್ರವದಲ್ಲಿನ ಸಕ್ಕರೆ ಅಲ್ಲಿ ಮಾತ್ರ ಕಡಿಮೆಯಾಗಿತ್ತು. ಇಂತಹ ಸುಳ್ಳು ಇಳಿತದ ರೇಖೆ ಬಾವಿಗೆ ಬಿದ್ದಂತೆ ಥಟ್ಟನೆ ಇಳಿದು, ಮಗ್ಗುಲು ಬದಲಿಸಿದ ಮೇಲೆ ಹಾಗೆಯೇ ಥಟ್ಟನೆ ಏರುತ್ತದೆ. ಅಲ್ಲದೆ ಎಳೆ ಹೊಕ್ಕ ಜಾಗದ ಗಾಯ ಶಮನವಾಗುವವರೆಗೆ, ಅಂದರೆ ಮೊದಲ ದಿನ, ಸೆನ್ಸರಿನ ಲೆಕ್ಕ ಅಷ್ಟು ನಿಖರವಾಗಿರುವುದಿಲ್ಲ.

ಮರುದಿನ ಮಗಳು ಬರೆದು ಕಳುಹಿಸಿದ ಸಂದೇಶವಿದು. ಅವಳ ಮಾತಿನಲ್ಲಿಯೇ ಕೊಡುತ್ತೇನೆ:

“ಅವ್ವಾ, ಮೊಬೈಲ್ ಕೂಗಿದ್ರ ಗಾಬರಿ ಆಗಬ್ಯಾಡ, ಹಂಗಂತ ಬಂದ್ ಮಾಡಿ ಮಲಗಲೂಬ್ಯಾಡ. ಮೊದಲ ಎದ್ದು ಕುಂದ್ರು. ತೋಳಿನ ಮ್ಯಾಲ ಮಲಗಿದ್ದೇನು ನೆನಪ ಮಾಡ್ಕೊ. ಮಲಗಿದ್ರ ಸುಳ್ಳ ಕೂಗಿರಬಹುದು, ಆದ್ರ ನೀನ ಹಂಗ ತೀರ್ಮಾನ ಮಾಡಬ್ಯಾಡ. ಕೈ ತೊಳಕೊಂಡು ಬೆರಳ ಚುಚ್ಚಿ ನೋಡು. 70ಕ್ಕಿಂತ ಕಡಿಮಿ ಇದ್ರ ಅರ್ಧ ಗ್ಲಾಸ್ ನೀರಾಗ ಮೂರು ಚಮಚ ಸಕ್ಕರಿ ಕಲಸಿ ಕುಡಿ. ಕೈ ನಡಗತಿದ್ರ, ಬೆವರ ಬರತಿದ್ರ, ಮಷಿನ್ ಹುಡುಕಕೋತ ಕುಂದ್ರಬ್ಯಾಡ, ಮೊದಲ ಸಕ್ಕರಿ ನೀರು ಕುಡಿ. ಕರದಂಟು ತಿನ್ನಬ್ಯಾಡ, ಅದು ತಡಾ ಆಗತೈತಿ. ಕುಡದ ಮ್ಯಾಲ ಹದಿನೈದ ನಿಮಿಷ ತೋಳು ಕೂಗಿದ್ರೂ ಕೇಳಬ್ಯಾಡ. ಆಮ್ಯಾಲ ಮತ್ತ ಬೆರಳ ಚುಚ್ಚು. 70 ದಾಟಿದ್ರ ರೊಟ್ಟಿ ಉಣ್ಣು, ದಾಟಲಿಲ್ಲಂದ್ರ ಮತ್ತ ಮೂರು ಚಮಚ.”

ಕರದಂಟಿನ ಮಾತು ನಮ್ಮ ಭಾಗದವರಿಗೆ ಮುಖ್ಯವಾದುದು. ಅಮೀನಗಡದ ಕರದಂಟು ಮನೆಮನೆಯಲ್ಲಿರುತ್ತದೆ. ಸಿಹಿಯೆಂದು ಕೈ ಮೊದಲು ಅದರತ್ತಲೇ ಹೋಗುತ್ತದೆ. ಆದರೆ ಅದರಲ್ಲಿ ಬೆಲ್ಲದೊಡನೆ ತುಪ್ಪ, ಅಂಟು, ಒಣಹಣ್ಣುಗಳು ಇರುತ್ತವೆ. ಜಿಡ್ಡು ಜಠರದಲ್ಲಿ ನಿಧಾನವಾಗಿ ಮುಂದೆ ಸಾಗುವುದರಿಂದ ಸಕ್ಕರೆ ರಕ್ತ ಸೇರುವುದೂ ತಡವಾಗುತ್ತದೆ. ಪೇಢೆ, ಹೋಳಿಗೆಗಳಿಗೂ ಇದೇ ಮಾತು. ನೀರಿನಲ್ಲಿ ಕರಗಿದ ಸಕ್ಕರೆ ಅಥವಾ ಗ್ಲುಕೋಸ್ ಪುಡಿ ಮಾತ್ರ ಬೇಗ ಕೆಲಸ ಮಾಡುತ್ತದೆ. ಮೂರು ಚಮಚವೆಂದರೆ ಸುಮಾರು 15 ಗ್ರಾಂ.

ಆ ಸಂದೇಶವನ್ನು ಸೊಸೆ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದ್ದಳು. ಮುಂದಿನ ಸೋಮವಾರ ಅದು ಉಪಯೋಗಕ್ಕೆ ಬಂತು. ತಾಯಿ ಅಂದು ಒಪ್ಪತ್ತು ಹಿಡಿದಿದ್ದರು. ರೂಢಿಯಂತೆ 6.30ಕ್ಕೆ ಗುಳಿಗೆ ನುಂಗಿ, ಸ್ನಾನ ಮುಗಿಸಿ, ಏನನ್ನೂ ಸೇವಿಸದೆ ಇಷ್ಟಲಿಂಗ ಪೂಜೆಗೆ ಕುಳಿತರು. ಸೆನ್ಸರಿನಲ್ಲಿ 8.10ಕ್ಕೆ 96, 8.30ಕ್ಕೆ 78, ಪಕ್ಕದಲ್ಲಿ ಕೆಳಮುಖವಾಗಿ ಓರೆಯಾದ ಬಾಣ. ನಿಮಿಷಕ್ಕೆ ಒಂದೆರಡು ಅಂಕಗಳಂತೆ ಸಕ್ಕರೆ ಇಳಿಯುತ್ತಿದೆಯೆಂದು ಆ ಬಾಣದ ಅರ್ಥ. 8.40ಕ್ಕೆ 66 ಆಗಿ ಮೊಬೈಲ್ ಕೂಗಿತು. ಅದು ಮತ್ತೆ ಸುಳ್ಳು ಹೇಳುತ್ತಿದೆಯೆಂದು ತಾಯಿ ಪೂಜೆ ಬಿಟ್ಟು ಏಳಲಿಲ್ಲ. ಸುಳ್ಳು ಕೂಗಿನಿಂದಾಗುವ ನಿಜವಾದ ಅಪಾಯ ಇದೇ: ಅದು ಮುಂದಿನ ನಿಜದ ಕೂಗಿಗೂ ಕಿವಿ ಮುಚ್ಚಿಸುತ್ತದೆ.

ಲಿಂಗ ಹಿಡಿದ ಅಂಗೈ ನಡುಗುತ್ತಿದ್ದುದನ್ನು ಸೊಸೆ ಕಂಡಳು. ಹಣೆಯಲ್ಲಿ ಬೆವರಿತ್ತು. ಅತ್ತೆ ಕುಳಿತಿದ್ದಾರೆ, ತೋಳಿನ ಮೇಲೆ ಭಾರವಿಲ್ಲ. ರೇಖೆ ಥಟ್ಟನೆ ಬಿದ್ದಿಲ್ಲ, ಅರ್ಧ ಗಂಟೆಯಿಂದ ಇಳಿಜಾರಿನಂತೆ ಇಳಿದಿದೆ. ಗ್ಲುಕೋಮೀಟರ್ ಪಕ್ಕದಲ್ಲೇ ಇದ್ದುದರಿಂದ ಬೆರಳು ಚುಚ್ಚಿದಳು: 59. ತೋಳು ತೋರಿಸಿದ್ದಕ್ಕಿಂತಲೂ ಕಡಿಮೆ! ಇಳಿಯುತ್ತಿರುವ ಸಕ್ಕರೆಯಲ್ಲಿ ಸೆನ್ಸರ್ ಹಿಂದೆ ಬೀಳುವುದೆಂದರೆ ಇದೇ. ಸಕ್ಕರೆ ನೀರು ಕುಡಿಸಿ ಹದಿನೈದು ನಿಮಿಷ ಕಾದು ಮತ್ತೆ ಚುಚ್ಚಿದಾಗ 84 ಬಂತು. ಆಗಲೂ ತೋಳು 62 ಎಂದು ಕೂಗುತ್ತಲೇ ಇತ್ತು. ಅದನ್ನೇ ನಂಬಿ ಮತ್ತೆ ಮತ್ತೆ ಸಕ್ಕರೆ ಕೊಟ್ಟಿದ್ದರೆ ಮಧ್ಯಾಹ್ನದ ಹೊತ್ತಿಗೆ 250 ದಾಟುತ್ತಿತ್ತೇನೋ. ಅವಳು ರೊಟ್ಟಿ, ಪಲ್ಯ ಬಡಿಸಿದಳು. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಅದರ ಪ್ರಭಾವ ದಿನವಿಡೀ ಇರುವುದರಿಂದ ಇಳಿತ ಮರುಕಳಿಸಬಹುದು. ಆದ್ದರಿಂದ ಸಕ್ಕರೆ ನೀರಿನ ನಂತರ ಊಟ ತಪ್ಪಿಸಬಾರದು, ಆ ದಿನವೇ ವೈದ್ಯರಿಗೆ ತಿಳಿಸಬೇಕು.

ಬಾಗಲಕೋಟೆಯ ವೈದ್ಯರು ಸೆನ್ಸರಿನ ರೇಖೆ ನೋಡಿ, ಪೂಜೆ ಮುಗಿದು ಪ್ರಸಾದಕ್ಕೆ ಕುಳಿತಾಗಲೇ ಗುಳಿಗೆ ತೆಗೆದುಕೊಳ್ಳುವಂತೆ ಹೊತ್ತನ್ನು ಬದಲಿಸಿದರು. ಒಪ್ಪತ್ತಿನ ದಿನ ಪ್ರಮಾಣ ಎಷ್ಟಿರಬೇಕೆಂಬುದನ್ನೂ ಬರೆದುಕೊಟ್ಟರು. ತಾಯಿ ನನ್ನನ್ನು ಕೇಳಿದ್ದು, ಗುಳಿಗೆ ಬಿಟ್ಟು ಕಷಾಯ ಕುಡಿಯಲೇ ಎಂದು. ಬೇಡವೆಂದೆ. ಪ್ರಮೇಹಕ್ಕೆ ಆಯುರ್ವೇದದಲ್ಲಿ ಔಷಧಗಳಿವೆ. ಆದರೆ ಅವುಗಳಲ್ಲಿ ಕೆಲವು ತಾವೂ ಸಕ್ಕರೆಯನ್ನು ಇಳಿಸುತ್ತವೆ. ಗುಳಿಗೆಯ ವೈದ್ಯರಿಗೆ ತಿಳಿಸದೆ ಅವನ್ನು ಸೇರಿಸಿದರೆ ಇಂತಹ ಸೋಮವಾರಗಳು ಹೆಚ್ಚಾಗುತ್ತವೆ.

ಆ ಗೋಡೆಯ ಕಾಗದಕ್ಕೆ ನಾನು ಒಂದೇ ಸಾಲು ಸೇರಿಸಿದೆ. ಮಾತು ತೊದಲುತ್ತಿದ್ದರೆ, ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಹೋದೀತು. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು. ನ್ಯೂಜೆರ್ಸಿಯ ಮಗಳು ಸೂಚನೆಯನ್ನು ಕಾಣಬಲ್ಲಳು, ಅತ್ತೆಯ ಹಣೆಯ ಬೆವರನ್ನು ಕಾಣಬಲ್ಲವಳು ಮನೆಯಲ್ಲಿರುವ ಸೊಸೆ ಮಾತ್ರ. ಆದ್ದರಿಂದ ತಾಯಿಗೆ ಬಂದ ಸಂದೇಶವನ್ನು ಮನೆಯವರೆಲ್ಲರೂ ಓದಿರಬೇಕು.