ಪ್ರಿಂಟರ್ ಇದೆ, ಕಾಣಿಸುತ್ತಿಲ್ಲ

ಅಕ್ಕನ ಮನೆಗೆ ಹೊಸ ರೂಟರ್ ಬಂದ ದಿನವೇ ಪ್ರಿಂಟರ್ ಮಾಯವಾಯಿತು. ಲ್ಯಾಪ್‌ಟಾಪಿನ ಪಟ್ಟಿಯಿಂದ ಮಾತ್ರ. ಯಂತ್ರ ಮೇಜಿನ ಮೇಲೇ ಇತ್ತು, ವೈಫೈ ದೀಪವೂ ಉರಿಯುತ್ತಿತ್ತು. ಟಿವಿಗೆ ಸಿಕ್ಕಿಸಿದ್ದ ಕ್ರೋಮ್‌ಕಾಸ್ಟಿನದೂ ಇದೇ ಕಥೆ. “ಇಂಟರ್ನೆಟ್ ಬರ್ತಿದೆಯಲ್ಲೋ, ಮತ್ತೇನು ರೋಗ ಇದಕ್ಕೆ?” ಎಂದು ಅಕ್ಕ ಫೋನ್ ಮಾಡಿದಳು.

ಇಂಟರ್ನೆಟ್ ಬರುವುದಕ್ಕೂ ಪ್ರಿಂಟರ್ ಸಿಗುವುದಕ್ಕೂ ಸಂಬಂಧ ಕಡಿಮೆ. ಪ್ರಿಂಟರ್ ಹುಡುಕುವಾಗ ಲ್ಯಾಪ್‌ಟಾಪಿಗೆ ಅದರ ವಿಳಾಸ ಗೊತ್ತಿರುವುದಿಲ್ಲ. ಹಾಗಾಗಿ ವಠಾರದ ಅಂಗಳದಲ್ಲಿ ನಿಂತು “ಇಲ್ಲಿ ಪ್ರಿಂಟರ್ ಯಾರಪ್ಪಾ?” ಎಂದು ಕೂಗಿದಂತೆ, 224.0.0.251 ಎಂಬ ವಿಳಾಸಕ್ಕೆ ಒಂದು ಪ್ರಶ್ನೆ ಕಳಿಸುತ್ತದೆ. ಅದು ಯಾವುದೇ ಒಂದು ಯಂತ್ರದ ವಿಳಾಸವಲ್ಲ, ಕೇಳಿಸಿಕೊಳ್ಳುವವರೆಲ್ಲರದು. ಇಂಥ ಕೂಗಿಗೆ ಮಲ್ಟಿಕಾಸ್ಟ್ ಎನ್ನುತ್ತಾರೆ. ಪ್ರಿಂಟರ್ ಓಗೊಟ್ಟು ತನ್ನ ಹೆಸರು, ವಿಳಾಸ ಹೇಳುತ್ತದೆ. ಕ್ರೋಮ್‌ಕಾಸ್ಟ್ ಸಿಗುವುದೂ ಹೀಗೆಯೇ.

ವೈಫೈಯಲ್ಲಿ ಈ ಕೂಗು ನೇರವಾಗಿ ಹೋಗುವುದಿಲ್ಲ. ಮೊದಲು ರೂಟರಿಗೆ ತಲುಪಬೇಕು, ರೂಟರ್ ಅದನ್ನು ಉಳಿದವರಿಗೆ ಮುಟ್ಟಿಸಬೇಕು. ‘ಕ್ಲೈಂಟ್ ಐಸೊಲೇಶನ್’ ಚಾಲೂ ಇದ್ದರೆ ರೂಟರ್ ಮುಟ್ಟಿಸುವುದಿಲ್ಲ. ಪ್ರತಿಯೊಬ್ಬರಿಗೂ ಹೊರಗಿನ ಇಂಟರ್ನೆಟ್ಟಿಗೆ ದಾರಿ ಬಿಟ್ಟು, ಅಕ್ಕಪಕ್ಕದ ಬಾಗಿಲುಗಳಿಗೆ ಬೀಗ ಹಾಕುತ್ತದೆ. ಹೋಟೆಲು, ಹಾಸ್ಟೆಲುಗಳಲ್ಲಿ ಇದು ಬೇಕೇಬೇಕು. ಪಕ್ಕದ ಕೋಣೆಯವನು ನಮ್ಮ ಲ್ಯಾಪ್‌ಟಾಪಿಗೆ ಕೈಹಾಕಬಾರದಲ್ಲ.

ಅಕ್ಕನ ಪ್ರಿಂಟರಿನಿಂದಲೇ ನೆಟ್‌ವರ್ಕ್ ವಿವರದ ಹಾಳೆ ತೆಗೆಸಿದೆ. ಅದರ ವಿಳಾಸ 192.168.1.37, ಲ್ಯಾಪ್‌ಟಾಪಿನದು 192.168.1.24. ನೋಡಿದರೆ ಒಂದೇ ಬೀದಿ. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಹೀಗೆ ಬರೆಸಿದೆ:

```
ping 192.168.1.37
```

ಬಂದ ಉತ್ತರ:

```
Reply from 192.168.1.24: Destination host unreachable.
```

‘Reply’ ಕಂಡು ಅಕ್ಕ ಖುಷಿಪಟ್ಟಳು. ಆದರೆ ಉತ್ತರ ಕೊಟ್ಟವರು ಯಾರು ನೋಡಿ: 24, ಅಂದರೆ ಲ್ಯಾಪ್‌ಟಾಪೇ. ತನ್ನ ಬೀದಿಯಲ್ಲಿ 37 ಸಿಗಲೇ ಇಲ್ಲ ಎಂದು ಅದು ತಾನೇ ಹೇಳಿಕೊಳ್ಳುತ್ತಿದೆ. ರೂಟರಿಗೆ ಪಿಂಗ್ ಮಾಡಿದರೆ ಮಾತ್ರ ಸಲೀಸಾಗಿ ಉತ್ತರ ಬಂತು. ಲ್ಯಾಪ್‌ಟಾಪಿನಿಂದ ರೂಟರಿಗೆ ಕೇಬಲ್ ಎಳೆಸಿದೆ. ಪ್ರಿಂಟರ್ ತಕ್ಷಣ ಪಟ್ಟಿಗೆ ಬಂತು. ವೈಫೈ ಮೇಲಿರುವವರ ನಡುವೆ ಮಾತ್ರ ಗೋಡೆ ಎಂಬುದು ಅಲ್ಲಿಗೆ ಖಾತ್ರಿ.

ಕಾರಣ ಸಣ್ಣದು. ರೂಟರ್ ಕೂರಿಸಲು ಬಂದ ಹುಡುಗ ಚೀಟಿಯಲ್ಲಿ ಬರೆದುಕೊಟ್ಟದ್ದು ‘ಗೆಸ್ಟ್’ ವೈಫೈಯ ಪಾಸ್‌ವರ್ಡ್. ಮನೆಯವರೆಲ್ಲ ಅತಿಥಿಗಳಾಗಿದ್ದರು! ಮೂರನ್ನೂ ಮುಖ್ಯ ವೈಫೈಗೆ ಸೇರಿಸಿದೆವು. ಮುಖ್ಯ ವೈಫೈಯಲ್ಲೂ ಇದೇ ಕಾಟವಿದ್ದರೆ ರೂಟರಿನ ವೈರ್‌ಲೆಸ್ ಸೆಟ್ಟಿಂಗಿನಲ್ಲಿ `AP Isolation` ಹುಡುಕಿ ಆರಿಸಬೇಕು.

ಪಿಂಗಿಗೆ ಪ್ರಿಂಟರೇ ಉತ್ತರಿಸಿಯೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮಾತು ಬೇರೆ. ಆಗ ಸಿಕ್ಕಿಬಿದ್ದಿರುವುದು ಕೂಗು ಮಾತ್ರ. ರೂಟರಿನಲ್ಲೋ ಲ್ಯಾಪ್‌ಟಾಪಿನ ಫೈರ್‌ವಾಲಿನಲ್ಲೋ ಅದು ನಿಂತಿರಬಹುದು. ಪ್ರಿಂಟರನ್ನು ವಿಳಾಸ ಕೊಟ್ಟು ಕೈಯಾರೆ ಸೇರಿಸಿಕೊಳ್ಳಬಹುದು. ಕ್ರೋಮ್‌ಕಾಸ್ಟಿಗೆ ಆ ಸೌಲಭ್ಯ ಸುಲಭವಾಗಿ ಇಲ್ಲ, ಅದಕ್ಕೆ ಕೂಗು ಕೇಳಿಸಲೇಬೇಕು.